ಹಲ್ಲು ಬಿದ್ದ ದಿನದ ಫೋಟೋ

ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಹಸುಗಳ ಫೋಟೋವನ್ನು ಅಕ್ಕನಿಗೆ ತಮ್ಮ ಕಳಿಸುತ್ತಿದ್ದ. ಐದು ತಿಂಗಳಲ್ಲಿ ಒಂದು ವಾರವೂ ತಪ್ಪಿಸಿರಲಿಲ್ಲ. ಅಕ್ಕ ಒಂಬತ್ತೂವರೆಗೇ ಕನ್ನಡಕ ಒರೆಸಿಕೊಂಡು, ಚಿಕ್ಕಮ್ಮನ ಹೊಲಿಗೆ ಮಷೀನಿನ ಪಕ್ಕದ ಕುರ್ಚಿಯಲ್ಲಿ ಊರುಗೋಲು ಗೋಡೆಗೆ ಒರಗಿಸಿ ಕೂತುಬಿಡುತ್ತಿದ್ದಳು. ಹತ್ತೂಕಾಲಾದರೂ ಫೋನು ಟಿಂಗ್ ಅನ್ನದಿದ್ದರೆ ಅವಳ ಮುಖ ಸುಟ್ಟ ಬದನೆಕಾಯಿ ಆಗುತ್ತಿತ್ತು.

ಅವಳಿಗೆ ಹೆಸರಿರಲಿಲ್ಲವೆಂದಲ್ಲ. ಆದರೆ ಆ ಹೆಸರು ಆಸ್ಪತ್ರೆಯ ಫೈಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ತಮ್ಮನಿಗೆ ಅಕ್ಕ, ಹಾಲಿನ ಲಾರಿಯವನಿಗೆ ಅಕ್ಕ, ದನದ ಡಾಕ್ಟರಮ್ಮನಿಗೂ ಅಕ್ಕ. ಇಪ್ಪತ್ತಾರು ಹಸುಗಳ ಕೊಟ್ಟಿಗೆಯನ್ನು ಅಕ್ಕ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದರು. ಹಾಲು ಕರೆಯುವ ಮಷೀನು, ಟ್ರ್ಯಾಕ್ಟರು, ಮೇವು ತಮ್ಮನ ಪಾಲು. ಹಸುಗಳ ಮೈ ಅಕ್ಕನ ಪಾಲು. ಯಾವುದು ಬೆದೆಗೆ ಬಂತು, ಯಾವುದಕ್ಕೆ ದಿನ ತುಂಬಿತು, ಯಾವುದಕ್ಕೆ ಸೂಜಿ ಹಾಕಿಸಬೇಕು, ಗೊರಸು ಕತ್ತರಿಸುವವನನ್ನು ಯಾವಾಗ ಕರೆಸಬೇಕು, ಎಲ್ಲವೂ ಅವಳ ತಲೆಯಲ್ಲಿ. ಒಂದು ಚೀಟಿಯಲ್ಲೂ ಬರೆದಿಡುತ್ತಿರಲಿಲ್ಲ. ಬೇಕಾದವರು ಬಂದು ಕೇಳಲಿ, ಹೇಳುತ್ತೇನೆ ಅನ್ನುವುದು ಅವಳ ಕ್ರಮ. ಹಾಗೆ ಬಂದು ಕೇಳುವುದರಲ್ಲಿ ಅವಳಿಗೊಂದು ಸುಖವಿತ್ತು. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವ ಪೈಕಿ ಅವಳಲ್ಲ.

ಐದು ತಿಂಗಳ ಹಿಂದೆ ಹಾಲು ಕರೆಯುವ ಕೋಣೆಯ ಒದ್ದೆ ನೆಲದಲ್ಲಿ ಒಂದು ಪಡ್ಡೆ ಹಸು ಅವಳನ್ನು ಬದಿಗೆ ತಳ್ಳಿತು. ಬಿದ್ದ ಏಟಿಗೆ ಸೊಂಟದ ಮೂಳೆ ಮುರಿಯಿತು. ಒಳಗೆ ರಾಡು ಹಾಕಿದರು. ದಿನಾ ವ್ಯಾಯಾಮ ಮಾಡಿಸಬೇಕೆಂದು ಪಟ್ಟಣದಲ್ಲಿ, ಆಸ್ಪತ್ರೆಗೆ ಎರಡೇ ಬೀದಿ ದೂರವಿದ್ದ ಚಿಕ್ಕಮ್ಮನ ಮನೆಗೆ ತಂದು ಬಿಟ್ಟರು. ಚಿಕ್ಕಮ್ಮ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯ ತುಂಬ ಬಟ್ಟೆ ತುಂಡು, ದಾರದ ಉಂಡೆ, ಅರ್ಧ ಹೊಲಿದ ತೋಳು. ಅವುಗಳ ನಡುವೆ ಅಕ್ಕ ಊರುಗೋಲು ಊರಿಕೊಂಡು, ಇಪ್ಪತ್ತಾರು ಹಸು ಕಳೆದುಕೊಂಡವಳ ಹಾಗೆ ತಿರುಗುತ್ತಿದ್ದಳು. ಬೆಳಗ್ಗೆ ವ್ಯಾಯಾಮ ಮಾಡಿಸುವ ಹುಡುಗಿ ಬರುತ್ತಿದ್ದಳು. "ಒಂದೇ ಕಾಲಿನ ಮೇಲೆ ಭಾರ ಹಾಕ್ಬೇಡಿ ಆಂಟಿ. ಎರಡೂ ಕಾಲಿಗೂ ಸಮ ಹಂಚಿ," ಎಂದು ದಿನಾ ಅದೇ ಪಾಠ. "ನೋವಿರೋ ಕಾಲಿಗೆ ಭಾರ ಹಾಕು ಅಂದ್ರೆ ಯಾರು ತಾನೆ ಹಾಕ್ತಾರಮ್ಮ?" ಎಂದು ಅಕ್ಕ ಗೊಣಗುತ್ತಿದ್ದಳು.

ಹೀಗಿರುವಾಗ ಭಾನುವಾರದ ಫೋಟೋಗಳೇ ಅವಳಿಗೆ ಔಷಧಿ. ಮಂಡಿವರೆಗೆ ಬಂಗಾರದ ಬಣ್ಣದ ಒಣಹುಲ್ಲು, ಅದರಲ್ಲಿ ಮುಂಗಾಲು ತುಸು ಎತ್ತರಕ್ಕೆ ಇಟ್ಟು, ಕತ್ತು ನೀಡಿ ನಿಂತ ಹಸು. ಮೈ ಮಿರಮಿರ ಮಿನುಗುತ್ತಿತ್ತು. "ನನ್ನ ತಮ್ಮ ಕಲಿತುಬಿಟ್ಟ," ಎಂದು ಚಿಕ್ಕಮ್ಮನಿಗೆ ತೋರಿಸಿ ಹೆಮ್ಮೆ ಪಡುತ್ತಿದ್ದಳು.

ಹೆಮ್ಮೆ ಪಡಬೇಕಾದ್ದೇ, ಏಕೆಂದರೆ ಆ ಕೈಚಳಕ ಅವಳೇ ಕಲಿಸಿದ್ದು. ಹಸು ಮಾರುವವರು, ಪ್ರದರ್ಶನಕ್ಕೆ ಕಳಿಸುವವರು ಎಲ್ಲರೂ ಹೀಗೇ ಫೋಟೋ ತೆಗೆಯುವುದು. ಕಾಲ ಕೆಳಗೆ ದಪ್ಪಗೆ ಹುಲ್ಲು ಹಾಸಿದರೆ ಗೊರಸು ಕಾಣುವುದಿಲ್ಲ, ಸಗಣಿ ಕಾಣುವುದಿಲ್ಲ. ಮುಂಗಾಲ ಕೆಳಗೆ ನಾಲ್ಕು ಬೆರಳು ಎತ್ತರ ಮಾಡಿದರೆ ಬೆನ್ನು ಗೆರೆ ಎಳೆದ ಹಾಗೆ ನೆಟ್ಟಗಾಗುತ್ತದೆ. "ಫೋಟೋದಲ್ಲಿ ಹಸುವಿನ ಕೆಚ್ಚಲು ನೋಡಬೇಕು, ಮುಖ ನೋಡಬೇಕು. ಕಾಲು ನೋಡೋಕೆ ಬಿಡಬಾರದು," ಎಂದು ಅವಳೇ ತಮ್ಮನಿಗೆ ಹತ್ತು ವರ್ಷದ ಹಿಂದೆ ಹೇಳಿಕೊಟ್ಟಿದ್ದಳು. ಆ ಪಾಠ ತನಗೇ ಒಂದು ದಿನ ತಿರುಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಒಂದು ಗುರುವಾರ ಮಧ್ಯಾಹ್ನ, ಭಾನುವಾರವಲ್ಲದ ದಿನ, ಒಂದು ಫೋಟೋ ಬಂತು. ಕಳಿಸಿದ್ದು ತಮ್ಮನ ಹೆಂಡತಿ. ಆರು ವರ್ಷದ ಮಗಳಿಗೆ ಮುಂದಿನ ಹಲ್ಲು ಬಿದ್ದಿತ್ತು. ಮಗು ಕೊಟ್ಟಿಗೆಯಲ್ಲಿ ನಿಂತು, ಅಂಗೈಯಲ್ಲಿ ಅಕ್ಕಿಕಾಳಿನಂಥ ಹಲ್ಲು ಹಿಡಿದು, ಬೊಚ್ಚು ಬಾಯಿ ಕಿಸಿದಿತ್ತು. ಅಕ್ಕ ಗಟ್ಟಿಯಾಗಿ ನಕ್ಕಳು, ಫೋನಿನಲ್ಲೇ ನಗುವ ಗೊಂಬೆಯೊಂದನ್ನು ತಿರುಗಿ ಕಳಿಸಿದಳು. "ನೋಡು ಚಿಕ್ಕಮ್ಮ, ಥೇಟು ಅವರಪ್ಪನ ಹಾಗೇ ಕಾಣ್ತಾಳೆ, ಹಲ್ಲಿಲ್ದೆ."

ಆಮೇಲೆ ನಗು ನಿಂತಿತು. ಮಗುವಿನ ಹಿಂದೆ ಒದ್ದೆ ಕಾಂಕ್ರೀಟಿನ ಮೇಲೆ ಒಂದು ಹಸು ನಿಂತಿತ್ತು. ಹುಲ್ಲಿಲ್ಲ, ಹಾಸಿಗೆಯಿಲ್ಲ, ಫೋಟೋಕ್ಕೆಂದು ಯಾರೂ ನಿಲ್ಲಿಸಿದ್ದಲ್ಲ. ಬೆನ್ನ ಮೇಲಿನ ಕಪ್ಪು ಮಚ್ಚೆ ನೋಡಿದೊಡನೆ ಗೊತ್ತಾಯಿತು, ಹೆಡ್‌ಮಿಸ್ಸು. ಒಂಬತ್ತು ವರ್ಷದ ಹಸು. ಹಾಲು ಕರೆಯುವ ಕೋಣೆಯ ಬಾಗಿಲು ತೆರೆದ ಕೂಡಲೇ ಗಂಭೀರವಾಗಿ ಮೊದಲು ಹೆಜ್ಜೆ ಇಡುವುದು ಅದೇ. ಮಿಕ್ಕ ಇಪ್ಪತ್ತೈದು ಅದರ ಹಿಂದೆ ಸಾಲು ಹಿಡಿಯುತ್ತಿದ್ದವು. ಯಾವುದಾದರೂ ತಲೆಹರಟೆ ನಡುವೆ ನುಗ್ಗಿದರೆ ಕತ್ತು ತಿರುಗಿಸಿ ಒಮ್ಮೆ ನೋಡುತ್ತಿತ್ತು, ಅಷ್ಟೇ. ಅದಕ್ಕೇ ಆ ಹೆಸರು. ಹುಟ್ಟಿದ ರಾತ್ರಿ ಉಸಿರಾಡದೆ ಬಿದ್ದಿದ್ದ ಕರುವನ್ನು ಹುಲ್ಲಿನಿಂದ ಉಜ್ಜಿ ಉಜ್ಜಿ ಎಬ್ಬಿಸಿದವಳು ಅಕ್ಕ.

ಅವಳು ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದಳು. ಎಡ ಹಿಂಗಾಲಿನ ಗೊರಸು ಉದ್ದ ಬೆಳೆದು ತುದಿ ಮೇಲಕ್ಕೆ ಮಗುಚಿಕೊಂಡಿತ್ತು, ಹಳೆ ಕಾಲದ ರಾಜರ ಜೋಡಿನ ಹಾಗೆ. ಸೀಳುಗೊರಸಿನ ಎರಡು ಹೋಳುಗಳಲ್ಲಿ ಹೊರಹೋಳು ಒಳಹೋಳಿಗಿಂತ ದಪ್ಪವಾಗಿ, ಎತ್ತರವಾಗಿ ನಿಂತಿತ್ತು. ಹಿಂಗಾಲಿನ ಗಿಣ್ಣುಗಳೆರಡೂ ಒಳಗೆ ವಾಲಿ ಒಂದಕ್ಕೊಂದು ಹತ್ತಿರವಾಗಿದ್ದವು, ಪಾದಗಳು ಹೊರಗೆ ತಿರುಗಿದ್ದವು. ಎಡಗಾಲು ನೆಲಕ್ಕೆ ತಾಗಿತ್ತೇ ಹೊರತು ಊರಿರಲಿಲ್ಲ. ಭಾರವೆಲ್ಲ ಬಲಗಾಲಿನ ಮೇಲೆ. ಬೆನ್ನು ಬಿಲ್ಲಾಗಿತ್ತು. ನಡೆಯುವಾಗ ಬೆನ್ನು ಬಾಗಿದರೆ ನೋವು ಶುರುವಾಗಿದೆ ಎಂದು ಲೆಕ್ಕ. ಸುಮ್ಮನೆ ನಿಂತಾಗಲೂ ಬಾಗಿದ್ದರೆ, ಅದು ಕಾಯಬಹುದಾದ ನೋವಲ್ಲ. ಇದನ್ನು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೊರಸು ಕತ್ತರಿಸಿ ಎಷ್ಟು ದಿನವಾಯಿತು ಎಂದು ಎಣಿಸಿದಳು. ತಾನು ಬೀಳುವುದಕ್ಕೆ ಮೂರು ತಿಂಗಳ ಮೊದಲು ಆಗಿತ್ತು. ಅಂದರೆ ಎಂಟು ತಿಂಗಳು. ಅವರಲ್ಲಿ ಐದು ತಿಂಗಳಿಗೊಮ್ಮೆ, ತೀರಾ ತಡವೆಂದರೆ ಆರಕ್ಕೆ ಗೊರಸಿನವನು ಬಂದು ಹೋಗಬೇಕು.

ಆಗ ಅವಳು ಮಾಡಬೇಕಾದ ಕೆಲಸ ಒಂದೇ ಇತ್ತು. ಗೊರಸಿನವನ ನಂಬರು ಅವಳ ಫೋನಿನಲ್ಲೇ ಇತ್ತು, ಇದ್ದದ್ದೂ ಅವಳ ಫೋನಿನಲ್ಲಿ ಮಾತ್ರ. ಒತ್ತಿದ್ದರೆ ಮುಗಿಯುತ್ತಿತ್ತು. ಅವಳು ಒತ್ತಿದ್ದು ಬೇರೆ. ಫೋಟೋದಲ್ಲಿ ಮಗುವನ್ನು ಕತ್ತರಿಸಿ ತೆಗೆದು, ಹಸುವಿನ ಕಾಲಿಗೆ ಕೆಂಪು ಸುತ್ತು ಬರೆದು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಸೇರಿ ಹದಿನೆಂಟು ಜನರಿದ್ದ ಮನೆಯವರ ಗ್ರೂಪಿಗೆ ಹಾಕಿದಳು. ಕೆಳಗೆ ಬರೆದಳು: "ಇದು ನಮ್ಮ ಕೊಟ್ಟಿಗೆಯ ಹಸುವೇ? ಗೊರಸಿನವರು ಕೊನೆಯ ಸಲ ಬಂದದ್ದು ಯಾವಾಗ ಅಂತ ಯಾರಾದರೂ ಹೇಳುತ್ತೀರಾ?"

ಯಾರಾದರೂ ಅಂದರೆ ಯಾರು ಎಂದು ಹದಿನೆಂಟು ಜನಕ್ಕೂ ಗೊತ್ತಿತ್ತು. ಒಬ್ಬ ಭಾವ ಹೆಬ್ಬೆರಳು ಎತ್ತಿದ. ಇನ್ನೊಬ್ಬರು "ಅಯ್ಯೋ ಪಾಪ" ಎಂದರು. ತಮ್ಮನೂ ಓದಿದ್ದಾನೆ ಎಂದು ಫೋನು ತೋರಿಸಿತು. ಉತ್ತರ ಬರಲಿಲ್ಲ.

"ಹಸುವಿನ ಕಾಲಿಗೆ ಕೆಂಪು ಬಳೆ ತೊಡಿಸಿದ್ದಾಯ್ತಲ್ಲ," ಎಂದಳು ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತ. "ಇನ್ನು ಆ ಗೊರಸಿನವನಿಗೆ ಫೋನ್ ಮಾಡು."

"ಮಾಡ್ತೀನಿ. ಅವನು ಮೊದಲು ಕೇಳ್ಲಿ."

"ಯಾರು, ಹಸೂನಾ?"

ಅಕ್ಕ ಮುಖ ಊದಿಸಿಕೊಂಡು ಒಳಗೆ ಹೋದಳು.

ಭಾನುವಾರ ಹತ್ತಕ್ಕೆ ಸರಿಯಾಗಿ ಫೋಟೋ ಬಂತು. ಒಂದೇ ಒಂದು. ಹೆಡ್‌ಮಿಸ್ಸು. ಮಂಡಿ ಮುಚ್ಚುವಷ್ಟು ಹೊಸ ಹುಲ್ಲು, ಮುಂಗಾಲು ಎತ್ತರದಲ್ಲಿ, ಬೆನ್ನು ಗೆರೆ ಎಳೆದ ಹಾಗೆ. ಕೆಳಗೆ ಒಂದು ಸಾಲು: "ನಮ್ಮ ಕೊಟ್ಟಿಗೆಯ ಹಸುವೇ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೈಚಳಕವನ್ನು ತನಗೇ ತೋರಿಸುತ್ತಾನಲ್ಲ! ಐದು ತಿಂಗಳಿಂದ ತಾನು ಬಾಯಿ ಚಪ್ಪರಿಸಿಕೊಂಡು ನೋಡಿದ ಒಂದೊಂದು ಫೋಟೋದ ಹುಲ್ಲಿನ ಕೆಳಗೂ ಏನಿತ್ತೋ ಎಂದು ನೆನೆದು ಇನ್ನಷ್ಟು ಉರಿಯಿತು. ತಕ್ಷಣ ಫೋನು ಹಚ್ಚಿದಳು.

"ಹುಲ್ಲು ಹಾಸಿ ಯಾರಿಗೆ ಮಂಕುಬೂದಿ ಎರಚ್ತಿದ್ದೀಯ? ನಂಗಾ?"

"ಹಸು ಮಲಗೋ ಜಾಗಕ್ಕೆ ಹುಲ್ಲು ಹಾಸ್ದೆ ಮೊಳೆ ಹಾಸ್ಲಾ?" ತಮ್ಮನೂ ಕಾದೇ ಇದ್ದ. "ಎಲ್ಲರ ಮುಂದೆ ಮಾನ ಕಳೆದ್ಯಲ್ಲ, ಸಮಾಧಾನ ಆಯ್ತಾ?"

"ಗೊರಸಿನವರನ್ನ ಯಾಕೆ ಕರೆಸ್ಲಿಲ್ಲ?"

"ನೀನು ಕರೆಸಿರ್ತೀಯ ಅಂದ್ಕೊಂಡಿದ್ದೆ. ಇಷ್ಟು ವರ್ಷ ಅವರು ಹೇಗೆ ಬರ್ತಿದ್ರು, ಯಾರು ಕರೀತಿದ್ರು ಅಂತ ನಂಗೇನು ಗೊತ್ತು? ಒಂದು ದಿನ ಗಾಡಿ ಬಂದು ನಿಲ್ತಿತ್ತು, ನಾನು ಹಸು ಹಿಡ್ಕೊಡ್ತಿದ್ದೆ. ಈ ಸಲವೂ ಅಲ್ಲಿಂದ್ಲೇ ಫೋನ್ ಮಾಡಿರ್ತೀಯ, ಇವತ್ತೋ ನಾಳೆಯೋ ಬರ್ತಾರೆ ಅಂತ ಕಾಯ್ತಿದ್ದೆ."

"ನಾನು ಸೊಂಟ ಮುರ್ಕೊಂಡು ಮಲಗಿದ್ದೆ ಕಣೋ!"

"ನಾನು ಇಪ್ಪತ್ತಾರು ಹಸು ಒಬ್ನೇ ಕರೀತಿದ್ದೆ ಕಣೆ!"

ಇಬ್ಬರೂ ಹೇಳಿದ್ದು ನಿಜ. ನಿಜ ಹೇಳಿಕೊಂಡೇ ಇಬ್ಬರೂ ಫೋನು ಕುಕ್ಕಿದರು. ನಂಬರು ಕೊಡು ಎಂದು ಅವನು ಕೇಳಲಿಲ್ಲ, ತಗೋ ಎಂದು ಅವಳೂ ಹೇಳಲಿಲ್ಲ.

ಮಂಗಳವಾರ ತಮ್ಮನ ಹೆಂಡತಿ ಮೆಲ್ಲಗೆ ಫೋನು ಮಾಡಿದಳು. ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು, ಗಂಡನಿಗೆ ತಿಳಿಯದ ಹಾಗೆ ಬಚ್ಚಲಿನಿಂದ ಮಾತಾಡುತ್ತಿದ್ದಳೇನೋ. "ಅತ್ತಿಗೆ, ಗೊರಸಿನವರ ನಂಬರ್ ಕಳಿಸ್ತೀರಾ? ಇವ್ರು ಬೇರೆ ಯಾರನ್ನೋ ವಿಚಾರಿಸಿದ್ರು. ಅವನು ಮೂರು ವಾರ ಆಗಲ್ಲ ಅಂದ. ದಿನಾ ಮೈಲುತುತ್ತದ ನೀರಲ್ಲಿ ಕಾಲು ಅದ್ದಿಸ್ತಿದ್ದಾರೆ. ಏನೂ ಕಡಿಮೆ ಆಗ್ತಿಲ್ಲ."

ಉದ್ದ ಬೆಳೆದ ಗೊರಸಿಗೆ ಮೈಲುತುತ್ತದ ನೀರು ಏನು ಮಾಡೀತು? ಚರ್ಮದ ಸೋಂಕಿಗಾದರೆ ಸರಿ. ಅಕ್ಕನ ನಾಲಿಗೆ ತುದಿಗೆ ನಂಬರು ಬಂದೇ ಬಂದಿತ್ತು. ಹತ್ತೂ ಅಂಕಿ ಅವಳಿಗೆ ಬಾಯಿಪಾಠ. ಆದರೆ ಆ ಕ್ಷಣಕ್ಕೆ ಅವಳ ಕಣ್ಣ ಮುಂದೆ ನಿಂತದ್ದು ಹಸುವಿನ ಕಾಲಲ್ಲ, "ನಮ್ಮ ಕೊಟ್ಟಿಗೆಯ ಹಸುವೇ" ಎಂಬ ಆ ಒಂದು ಸಾಲು.

"ಅವನ ಬಾಯಿಗೇನು ಬೀಗ ಬಿದ್ದಿದೆಯಾ?" ಎಂದಳು. "ಅಕ್ಕ, ನಂಬರ್ ಕೊಡು ಅಂತ ಒಂದು ಮಾತು ಕೇಳೋಕೆ ಹೇಳು. ಆ ಕ್ಷಣವೇ ಕೊಡ್ತೀನಿ."

"ಹೇಳ್ತೀನಿ ಅತ್ತಿಗೆ," ಎಂದು ಅವಳು ಫೋನು ಇಟ್ಟಳು.

ಚಿಕ್ಕಮ್ಮ ಮಷೀನು ತುಳಿಯುವುದನ್ನು ನಿಲ್ಲಿಸಿದ್ದಳು. "ನೀನು ಮಾಡ್ತಿರೋದು ಸರಿಯಲ್ಲ. ಮುನಿಸು ನಿಮ್ಮಿಬ್ಬರದು, ಕಾಲು ಅದರದ್ದು."

"ಗೊರಸು ಒಂದು ರಾತ್ರೀಲಿ ಬೆಳೆಯಲ್ಲ ಚಿಕ್ಕಮ್ಮ. ಎಂಟು ತಿಂಗಳು ತಡೆದದ್ದು ಇನ್ನೆರಡು ದಿನ ತಡೆಯುತ್ತೆ. ನಂಗೆ ಗೊತ್ತು."

ಅವಳಿಗೆ ಗೊತ್ತಿತ್ತು. ಗೊತ್ತಿದ್ದವರು ಮಾಡುವ ತಪ್ಪು ಗೊತ್ತಿಲ್ಲದವರು ಮಾಡುವುದಕ್ಕಿಂತ ಕೆಟ್ಟದ್ದು ಎಂದು ಆ ದಿನಗಳಲ್ಲಿ ಅವಳಿಗೆ ಹೇಳಹೋಗಿದ್ದರೆ ಕೇಳುತ್ತಿದ್ದಳೇ? ಬಂದವರಿಗೆಲ್ಲ ಆ ಫೋಟೋ ತೋರಿಸಿದಳು. ಬಟ್ಟೆ ಹೊಲಿಸಲು ಬಂದ ಹೆಂಗಸರಿಗೆ, ವ್ಯಾಯಾಮದ ಹುಡುಗಿಗೆ, ಔಷಧಿ ಅಂಗಡಿಯವನಿಗೆ. ಹಿಗ್ಗಿಸಿ ಹಿಗ್ಗಿಸಿ ತೋರಿಸಿದಳು. "ಐದು ತಿಂಗಳು ನಾನಿಲ್ಲ ನೋಡಿ, ಹೇಗಿಟ್ಟಿದ್ದಾನೆ." ಎಲ್ಲರೂ ಚ್ಚು ಚ್ಚು ಎಂದರು. ಪ್ರತಿ ಚ್ಚುವಿಗೂ ಅವಳ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತಿತ್ತು.

ಎರಡನೇ ಭಾನುವಾರ ಹತ್ತಾಯಿತು, ಹನ್ನೊಂದಾಯಿತು. ಫೋಟೋ ಬರಲಿಲ್ಲ. ಐದು ತಿಂಗಳಲ್ಲಿ ಮೊದಲ ಸಲ. ಅಕ್ಕ ಅನ್ನದ ತಟ್ಟೆಯ ಪಕ್ಕದಲ್ಲೇ ಫೋನಿಟ್ಟುಕೊಂಡು ಉಂಡಳು. ತಮ್ಮನ ಸೊಕ್ಕು ನೋಡು, ಎಂದುಕೊಂಡಳು.

ಸೋಮವಾರ ಬೆಳಗ್ಗೆ ತಮ್ಮನ ಹೆಂಡತಿಯ ಫೋನು. ಈ ಸಲ ನೀರಿನ ಸದ್ದಿರಲಿಲ್ಲ, ಅಳುವಿತ್ತು. "ಅತ್ತಿಗೆ, ಹೆಡ್‌ಮಿಸ್ಸು ಕಾಲು ಊರ್ತಾನೇ ಇಲ್ಲ. ಮೂರು ಕಾಲಲ್ಲಿ ಕುಂಟ್ತಿದೆ. ಇವತ್ತು ಹಾಲು ಕರೆಯೋಕೆ ಬಾಗಿಲು ತೆಗೆದ್ರೆ ಎದ್ದೇ ಬರ್ಲಿಲ್ಲ. ಬಾಕಿ ಹಸುಗಳೂ ಬಾಗಿಲ ಹತ್ರ ನಿಂತ್ವು, ಯಾವುದೂ ಮುಂದೆ ಹೋಗ್ಲಿಲ್ಲ. ಇವ್ರು ಒಂದೊಂದನ್ನೇ ತಳ್ಳಿ ತಳ್ಳಿ ಒಳಗೆ ಕಳಿಸಿದ್ರು."

ಅಕ್ಕ ಫೋನು ಇಟ್ಟವಳೇ ಗೊರಸಿನವನಿಗೆ ಫೋನು ಮಾಡಿದಳು. ಎರಡನೇ ರಿಂಗಿಗೇ ಎತ್ತಿದ.

"ಅಕ್ಕಾ! ಹುಷಾರಾಗಿದ್ದೀರಾ? ನಿಮ್ಮ ಫೋನ್ ಬರ್ಲಿಲ್ವಲ್ಲ, ಬೇರೆ ಯಾರನ್ನಾದ್ರೂ ಗೊತ್ತು ಮಾಡ್ಕೊಂಡ್ರೇನೋ ಅಂತಿದ್ದೆ."

"ಇಲ್ಲಪ್ಪ. ಒಂದು ಹಸು ಕಾಲು ಊರ್ತಿಲ್ಲ."

"ನಾಳೆ ಬೆಳಗ್ಗೆ ಎಂಟಕ್ಕೆ ಅಲ್ಲಿರ್ತೀನಿ."

ಅಷ್ಟೇ ಮಾತು. ಫೋನಿನಲ್ಲಿ ಸಮಯ ತೋರಿಸುತ್ತಿತ್ತು, ಇಪ್ಪತ್ತೆಂಟು ಸೆಕೆಂಡು.

ಮಂಗಳವಾರ ಅಕ್ಕ ಬಾಡಿಗೆ ಕಾರಿನಲ್ಲಿ ಕೊಟ್ಟಿಗೆಗೆ ಬಂದಳು. ಬರುವ ದಾರಿಯುದ್ದಕ್ಕೂ ತಮ್ಮನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಐದು ತಿಂಗಳ ಮೇಲೆ ಹಸುಗಳ ಬಿಸಿ ಉಸಿರಿನ ವಾಸನೆ ಮೂಗಿಗೆ ಬಡಿಯಿತು. ಊರುಗೋಲು ಟಕಟಕ ಕುಟ್ಟುತ್ತ ಒಳಗೆ ನಡೆದಳು.

ಗೊರಸಿನವನು ತನ್ನ ಗಾಡಿಯ ಹಿಂದೆ ಎಳೆದು ತಂದ ಕಬ್ಬಿಣದ ಚೌಕಟ್ಟನ್ನು ಆಗಲೇ ನಿಲ್ಲಿಸಿದ್ದ. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ, ಕೈ ಹೆಚ್ಚು. ಹೆಡ್‌ಮಿಸ್ಸನ್ನು ಚೌಕಟ್ಟಿಗೆ ಸೇರಿಸುವ ಮೊದಲು ಸುಮ್ಮನೆ ದೂರ ನಿಂತು ಅದು ನಿಲ್ಲುವ ರೀತಿ ನೋಡಿದ. ತಮ್ಮನ ಹೆಂಡತಿ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಮ್ಮ ಹಗ್ಗ ಹಿಡಿದಿದ್ದ. ಮುಖಕ್ಷೌರ ಮಾಡದೆ ವಾರವಾಗಿತ್ತು, ಕಣ್ಣು ಒಳಗೆ ಹೋಗಿದ್ದವು. ಅಕ್ಕನನ್ನು ನೋಡಿ "ಬಂದ್ಯಾ" ಎಂದ. "ಬಂದೆ" ಎಂದಳು. ಹಸು ಅವಳ ದನಿಗೆ ಕಿವಿ ತಿರುಗಿಸಿತು. ನಾಲ್ಕು ಹೆಜ್ಜೆ ದೂರ ದಾಟಲು ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು.

ಹೊಟ್ಟೆಗೆ ಪಟ್ಟಿ ಬಿಗಿದು, ಎಡ ಹಿಂಗಾಲನ್ನು ಹಗ್ಗದಿಂದ ಮೇಲೆತ್ತಿ ಕಟ್ಟಿದರು. ಗೊರಸಿನವನು ನೀರು ಹಾಕಿ ಸಗಣಿ ತೊಳೆದ. ಹೊರಹೋಳಿನ ಮೇಲಿನ ಚರ್ಮ ಕೆಂಪಗೆ ಊದಿ ಹೊಳೆಯುತ್ತಿತ್ತು. ಹಿಮ್ಮಡಿ ಮುಷ್ಟಿಯಷ್ಟಾಗಿತ್ತು. ಅವನು ಮೊದಲು ಒಳಹೋಳನ್ನು ಹಿಡಿದ. ಯಾವಾಗಲೂ ಹಿಂಗಾಲಿನಲ್ಲಿ ಒಳ್ಳೆಯ ಹೋಳು ಅದೇ, ಅದನ್ನು ಅಳತೆಗೆ ತಂದು ಇನ್ನೊಂದನ್ನು ಅದಕ್ಕೆ ಸರಿದೂಗಿಸುವುದು ಅವನ ಕ್ರಮ. ಕೂದಲಂಚಿನಿಂದ ನಾಲ್ಕು ಬೆರಳು ಅಳೆದು ಮಿಕ್ಕಿದ್ದನ್ನು ಕತ್ತರಿಸಿದ. ಬಿದ್ದ ತುಂಡು ಹೆಬ್ಬೆರಳಷ್ಟು ಉದ್ದವಿತ್ತು. ತಿರುಗುವ ಯಂತ್ರ ಹಿಡಿದು ಅಡಿ ಸಮ ಮಾಡಿದ. ಸುಟ್ಟ ಕೊಂಬಿನ ವಾಸನೆ ಎದ್ದಿತು. ಆಮೇಲೆ ಬಾಗಿದ ಚಾಕುವಿನಲ್ಲಿ ಹೊರಹೋಳಿನ ಅಡಿಯನ್ನು ಪದರ ಪದರವಾಗಿ ತೆಗೆಯತೊಡಗಿದ. ಮೂರನೇ ಪದರಕ್ಕೆ ಕಪ್ಪು ಕಂಡಿತು. ನಾಲ್ಕನೆಯದಕ್ಕೆ ಕೀವು ಚಿಮ್ಮಿತು. ನಾತಕ್ಕೆ ತಮ್ಮ ಮುಖ ತಿರುಗಿಸಿದ. ಹಸು ಒಮ್ಮೆ ಮೈ ನಡುಗಿಸಿತು, ಕೂಗಲಿಲ್ಲ. ಗೊರಸಿನವನು ತೆಳು ಕಡ್ಡಿಯೊಂದನ್ನು ಆ ತೂತಿಗೆ ಇಳಿಸಿದ. ಕಡ್ಡಿ ಹೋಗುತ್ತಲೇ ಇತ್ತು.

ಅವನು ಚಾಕು ಕೆಳಗಿಟ್ಟ. "ಕೀವು ಗೊರಸಿನ ಒಳಗಿನ ಕೀಲಿಗೆ ಇಳಿದಿದೆ. ಇದು ನನ್ನ ಕೈ ಮೀರ್ತು. ಡಾಕ್ಟರಮ್ಮನ್ನ ಕರೀರಿ."

ತಮ್ಮ ಅಲ್ಲೇ ನಿಂತು ಡಾಕ್ಟರಮ್ಮನಿಗೆ ಫೋನು ಮಾಡಿದ. ಅಕ್ಕ ಬಕೆಟ್ಟು ಮಗುಚಿ ಕೂತಳು. ಸಂಕಟವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅದನ್ನು ಎಂದಿನ ಜಾಗದಲ್ಲೇ ಇಳಿಸಿದಳು. ಫೋನು ತೆಗೆದು ಗೊರಸಿನವನ ಕೈಗೆ ಕೊಟ್ಟಳು.

"ನೀವೇ ನೋಡಿಪ್ಪ, ಇವನು ನನ್ನ ಹಸುವನ್ನ ಹೇಗಿಟ್ಟಿದ್ದ ಅಂತ. ನಾನು ಸುಮ್ಮನೆ ಬೈತೀನಿ ಅಂತಾನೆ. ನೀವೇ ಹೇಳಿ."

ಕೆಂಪು ಸುತ್ತು ಹಾಕದ ಮೊದಲಿನ ಫೋಟೋ ಅದು, ಹಲ್ಲು ಹಿಡಿದ ಮಗು ಮುಂದೆ, ಹಸು ಹಿಂದೆ. ಗೊರಸಿನವನು ಕೈ ಒರೆಸಿಕೊಂಡು ಫೋನು ಹಿಡಿದ. ಹಿಗ್ಗಿಸಿದ. ಎಲ್ಲರ ಹಾಗೆ ಚ್ಚು ಎನ್ನಲಿಲ್ಲ. ತುದಿ ಮಗುಚಿದ ಗೊರಸನ್ನು ನೋಡಿ ಮುಂದೆ ಸರಿದು, ಗೊರಸಿನ ಮೇಲಿನ ಚರ್ಮವನ್ನು ತುಂಬ ಹೊತ್ತು ನೋಡಿದ. ಅಕ್ಕ ಇಷ್ಟು ಜನಕ್ಕೆ ಇಷ್ಟು ಸಲ ತೋರಿಸಿದರೂ ಅಲ್ಲಿ ನೋಡಿರಲೇ ಇಲ್ಲ.

"ಗೊರಸು ಬೆಳೆದಿದೆ, ನಿಜ. ನೋವೂ ಇದೆ, ನಿಂತಿರೋದು ನೋಡಿದ್ರೇ ಗೊತ್ತಾಗುತ್ತೆ," ಎಂದ. "ಆದ್ರೆ ಇಲ್ಲಿ ಬಾವಿಲ್ಲ ನೋಡಿ. ಚರ್ಮ ಸಪಾಟಾಗಿದೆ, ಕೂದಲು ನೆಟ್ಟಗೆ ಕೂತಿದೆ. ಅಡಿಯಲ್ಲಿ ಹುಣ್ಣಾಗಿತ್ತು, ಒಳಗೆ ಇಳಿದಿರಲಿಲ್ಲ. ಇಷ್ಟಿದ್ದಾಗ ಕರೆದಿದ್ರೆ ಕೆರೆದು ಹಗುರ ಮಾಡಿ, ಒಳಹೋಳಿನ ಅಡಿಗೆ ಒಂದು ಮರದ ತುಂಡು ಅಂಟಿಸಿ ಹೋಗ್ತಿದ್ದೆ. ತಿಂಗಳಿಗೆ ಓಡಾಡ್ತಿತ್ತು." ಅವನು ಫೋನಿನಿಂದ ತಲೆಯೆತ್ತಿದ. "ಯಾವತ್ತಿನ ಫೋಟೋ ಇದು?"

ಕೇಳಿದ್ದು ಅಕ್ಕನನ್ನು.

"ಮೊನ್ನೇದು," ಎಂದ ತಮ್ಮ.

ಅವಳು ತಟ್ಟನೆ ಅವನ ಕಡೆ ನೋಡಿದಳು. ಅವನು ಅವಳನ್ನು ನೋಡಲಿಲ್ಲ, ಹಗ್ಗದ ಗಂಟನ್ನು ಸರಿಮಾಡುತ್ತಿದ್ದ. ಚಿಕ್ಕವನಿದ್ದಾಗ ಅವಳು ಹಾಲಿನ ಕ್ಯಾನು ಚೆಲ್ಲಿದ ದಿನ ಅಪ್ಪನೆದುರು "ಬೆಕ್ಕು" ಎಂದಿದ್ದ ಅದೇ ದನಿ.

"ಮೊನ್ನೆ ಹೀಗಿದ್ದದ್ದು ಇವತ್ತು ಹಾಗಾಗಲ್ಲ," ಎಂದ ಗೊರಸಿನವನು.

"ಮೊನ್ನೇದಲ್ಲ, ನನ್ನ ಹಲ್ಲು ಬಿದ್ದ ದಿನದ್ದು!" ಮಗು ಅಮ್ಮನ ಕೈ ಬಿಡಿಸಿಕೊಂಡು ಮುಂದೆ ಬಂತು. "ಅತ್ತೆ, ನೀವು ಅವತ್ತೇ ನೋಡಿ ನಗೋ ಗೊಂಬೆ ಕಳಿಸಿದ್ರಲ್ಲ. ಈಗ ಹೊಸ ಹಲ್ಲೂ ಬಂತು ನೋಡಿ." ಬಾಯಿ ದೊಡ್ಡದಾಗಿ ತೆರೆದು ತೋರಿಸಿತು. ಕೆಳಗಿನ ವಸಡಿನಲ್ಲಿ ಬೆಳ್ಳಗೆ, ಸಣ್ಣಗೆ, ಹೊಸ ಹಲ್ಲಿನ ಅಂಚು ಕಾಣುತ್ತಿತ್ತು.

"ಹನ್ನೆರಡು ದಿನ," ಎಂದಳು ಅಕ್ಕ.

ಗೊರಸಿನವನು ಫೋನನ್ನು ಅವಳ ಕೈಗೆ ಹಿಂತಿರುಗಿಸಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಅಂಟಿನ ಡಬ್ಬ ತೆಗೆದು, ಒಳಹೋಳಿಗೆ ಮರದ ತುಂಡು ಅಂಟಿಸಲು ಕೂತ. "ಡಾಕ್ಟರಮ್ಮ ಬರೋವರೆಗೆ ಹುಣ್ಣಿನ ಮೇಲೆ ಭಾರ ಬೀಳೋದು ತಪ್ಪಲಿ," ಎಂದ, ಯಾರಿಗೆ ಎಂದಲ್ಲದೆ.

ಡಾಕ್ಟರಮ್ಮ ಬಂದು ನೋಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಹೊರಹೋಳನ್ನು ಪೂರ್ತಿ ತೆಗೆಯಬೇಕು, ಇವತ್ತೇ. ಇಲ್ಲದಿದ್ದರೆ ಹಸು ಉಳಿಯುವುದಿಲ್ಲ. ತೆಗೆದರೆ ಉಳಿಯಬಹುದು, ಒಂದು ವರ್ಷವೋ ಎರಡೋ. ಇಷ್ಟು ಭಾರದ ಮೈಯನ್ನು ಅರ್ಧ ಪಾದದ ಮೇಲೆ ಹೊರಬೇಕಲ್ಲ. ಮಿಕ್ಕ ಹಸುಗಳ ಜೊತೆ ಕಾಂಕ್ರೀಟಿನ ಮೇಲೆ ಬಿಡುವ ಹಾಗಿಲ್ಲ. ಬೇರೆ ಕಟ್ಟಿ, ಹುಲ್ಲಿನ ಮೇಲೆ ಇಡಬೇಕು. "ದಪ್ಪಗೆ ಹಾಸಿ," ಎಂದಳು ಡಾಕ್ಟರಮ್ಮ, ಮರಗಟ್ಟಿಸುವ ಸೂಜಿ ತುಂಬುತ್ತ. "ಯಾವಾಗಲೂ ಮಂಡಿವರೆಗೆ ಹುಲ್ಲಿರಲಿ."

ಅಕ್ಕ ಎದ್ದು ಹಸುವಿನ ಮುಖದ ಕಡೆ ಹೋದಳು. ಹಣೆ ಸವರಲು ಕೈ ಎತ್ತಿದಳು. ಹೆಡ್‌ಮಿಸ್ಸು ಅವಳ ಅಂಗೈ ನೆಕ್ಕಿತು, ಎಂದಿನ ಹಾಗೇ, ಉಪ್ಪಿಗಾಗಿ. ತಲೆ ಕೊಡವಿದ್ದರೆ, ಕೊಂಬಿನಿಂದ ತಿವಿದಿದ್ದರೆ ಅವಳಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಎರಡು ದಿನ ತಡೆಯುತ್ತೆ, ನನಗೆ ಗೊತ್ತು ಎಂದಿದ್ದ ತನ್ನ ಮಾತು ಕಿವಿಯಲ್ಲೇ ಕೂತಿತ್ತು. ತನ್ನ ಹಸುವನ್ನು ತಾನೇ ಹನ್ನೆರಡು ದಿನ ಆ ಕಾಲ ಮೇಲೆ ನಿಲ್ಲಿಸಿಟ್ಟಿದ್ದಳು, ತಮ್ಮ ಬಂದು ಒಂದು ಮಾತು ಕೇಳಲಿ ಎಂದು.

ಗೊರಸಿನವನು ಚೌಕಟ್ಟನ್ನು ತೊಳೆಯುತ್ತಿದ್ದ. ಉಳಿದ ಇಪ್ಪತ್ತೈದಕ್ಕೆ ಮುಂದಿನ ವಾರ ಎರಡು ದಿನ ಬರುತ್ತೇನೆ ಎಂದು ಹೇಳಿದ. ತಮ್ಮ ಕೈ ತೊಳೆದುಕೊಂಡು, ಅಂಗಿಗೆ ಒರೆಸಿಕೊಂಡು, ಅಕ್ಕನ ಎದುರು ಬಂದು ನಿಂತ. ಗೊರಸಿನವನು ಅಲ್ಲೇ ಮೂರು ಮಾರು ದೂರದಲ್ಲಿದ್ದ. ಅವನನ್ನೇ ಕೇಳಬಹುದಿತ್ತು. ತಮ್ಮ ತನ್ನ ಫೋನು ತೆಗೆದು ಬೆರಳು ಇಟ್ಟುಕೊಂಡು ಕಾದ.

"ಅಕ್ಕ, ನಂಬರ್ ಕೊಡು," ಎಂದ.

ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಅವಳು ಹನ್ನೆರಡು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದ ಮಾತು ಇದೇ. ಅಕ್ಕ ಫೋನು ನೋಡದೆ, ಬಾಯಿಪಾಠ ಇದ್ದ ಹತ್ತು ಅಂಕಿಗಳನ್ನು ಒಂದೊಂದಾಗಿ ಹೇಳಿದಳು. ಏಳನೆಯದಕ್ಕೆ ದನಿ ಹೊರಡಲಿಲ್ಲ. ತಮ್ಮ ಕಾದ, ಅವಳು ಮತ್ತೆ ಹೇಳಿದಳು, ಅವನು ಒತ್ತಿಕೊಂಡ. ಎಲ್ಲ ಸೇರಿ ಅರ್ಧ ನಿಮಿಷವೂ ಆಗಲಿಲ್ಲ.